ಏಳನೇ ನಂಬರಿನ ಚಿತ್ರ

ಮದ್ದೂರಿನಲ್ಲಿ ಬಸ್ಸಿಳಿದು ಮಂಡ್ಯದ ರೈಲು ಹತ್ತಿ ಕೂತ ಮೇಲೆಯೇ ರಾಮಲಿಂಗಯ್ಯನಿಗೆ, ತಾನು ಬೆಳಿಗ್ಗೆಯಿಂದ ಹೆಂಡತಿಯ ಮುಖವನ್ನು ನೆನಪಿಗೆ ತಂದುಕೊಳ್ಳಲು ಹೆಣಗುತ್ತಿದ್ದೇನೆಂಬುದು ತಿಳಿದದ್ದು. ಕೈ ಬರುತ್ತಿತ್ತು. ಬಳೆಗಳನ್ನು ಮೊಣಕೈಯತ್ತ ಸರಿಸಿಕೊಂಡು ಮುದ್ದೆ ತಿರುವುವ ಕೈ. ಬೆನ್ನು ಬರುತ್ತಿತ್ತು. ಒಲೆಯ ಮುಂದೆ ಬಾಗಿದ, ರವಿಕೆಯ ಹೊಲಿಗೆ ಒಂದು ಕಡೆ ಬಿಟ್ಟಿದ್ದ ಬೆನ್ನು. ಕೆಮ್ಮು ಬರುತ್ತಿತ್ತು, ನಡೆದು ಬರುವ ಸದ್ದು ಬರುತ್ತಿತ್ತು. ಮುಖದ ಜಾಗಕ್ಕೆ ಬಂದಾಗ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿದ ಸ್ಲೇಟು. ಜಯಲಕ್ಷ್ಮಮ್ಮ ವಿಷಮಶೀತ ಜ್ವರದಲ್ಲಿ ಹೋಗಿ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಹದಿನಾಲ್ಕು ವರ್ಷ ಒಂದೇ ಸೂರಿನಡಿ ಇದ್ದವಳು. ಹನಕೆರೆಯಲ್ಲಿ ರೈಲು ಸುಮ್ಮನೆ ನಿಂತುಕೊಂಡಾಗ, ಎದುರಿಗೆ ಕೂತ ಹೆಂಗಸು ಮಗುವಿಗೆ ಕಡಲೆಪುರಿ ತಿನ್ನಿಸುವುದನ್ನು ನೋಡುತ್ತ, ಪರವಾಗಿಲ್ಲ, ಇನ್ನು ಅರ್ಧ ಗಂಟೆ, ಮಂಡ್ಯದಲ್ಲಿ ಅವಳು ಇದ್ದಾಳೆ, ಎಂದುಕೊಂಡ. ಅಂದುಕೊಂಡ ರೀತಿಗೆ ತನಗೇ ನಾಚಿಕೆಯಾಯಿತು.

ಜೇಬಿನಲ್ಲಿ ದೇವಯ್ಯನ ಕಾರ್ಡು ಇತ್ತು. 'ಮಂಡ್ಯದಲ್ಲಿ ನನ್ನ ಚಿತ್ರಗಳನ್ನ ಇಟ್ಟಿದ್ದೀನಿ. ಸಂಕ್ರಾಂತಿ ಆದ ಮೇಲೆ ನಾಲ್ಕು ದಿನ. ವಾಚನಾಲಯದ ಮಹಡಿ. ನಿಂದೂ ಅಲ್ಲೇ ಐತೆ, ಬಾ.' ಅಷ್ಟೇ. ಮಳವಳ್ಳಿಯ ಸ್ಕೂಲಿನಲ್ಲಿ ಇಬ್ಬರೂ ಒಂದೇ ಬೆಂಚು. ರಾಮಲಿಂಗಯ್ಯ ಶಿವನಸಮುದ್ರದ ಪವರ್ ಹೌಸಿಗೆ ಸೇರಿ ಸ್ವಿಚ್ ಬೋರ್ಡಿನ ಮೀಟರುಗಳ ಮುಳ್ಳುಗಳನ್ನು ನೋಡುವ ಕೆಲಸಕ್ಕೆ ನಿಂತ. ದೇವಯ್ಯ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು ಬೊಂಬಾಯಿಗೆ ಹೋಗಿ ಚಿತ್ರಗಾರನಾದ. ನಲವತ್ತೆರಡರ ಬೇಸಿಗೆಯಲ್ಲಿ ಬಂದು ಒಂದು ತಿಂಗಳು ಇವರ ಕ್ವಾರ್ಟರ್ಸಿನಲ್ಲೇ ಉಳಿದ. ನಿಮ್ಮ ಚಿತ್ರ ಬರೀತೀನಿ ಅಂತ ಜಯಲಕ್ಷ್ಮಮ್ಮನನ್ನು ಜಗಲಿಯ ಮೇಲೆ ಮಣೆ ಹಾಕಿ ಕೂರಿಸಿದ. ಅವಳು ಮೊದಲ ದಿನ ಎದ್ದು ಒಳಗೆ ಓಡಿದ್ದಳು. "ಅಯ್ಯೋ ದೇವಯ್ಯಣ್ಣ, ಒಬ್ರು ಹಿಂಗೆ ನೋಡ್ತಾ ಕೂತ್ರೆ ಮೈಯೆಲ್ಲ ಒಂಥರಾ ಆಯ್ತದೆ." ಆಮೇಲೆ ಕೂತಳು. ಇಪ್ಪತ್ತು ದಿನ, ದಿನಕ್ಕೆ ಒಂದು ಗಂಟೆ. ಡ್ಯೂಟಿ ಮುಗಿಸಿ ಬಂದ ರಾಮಲಿಂಗಯ್ಯ ಒಂದು ಸಂಜೆ ಬಾಗಿಲಲ್ಲಿ ನಿಂತು, "ಕರೀ ಬಣ್ಣ ಸಾಕಾಯ್ತದೇನ್ಲಾ, ಇಲ್ಲ ಇನ್ನೊಂದು ಡಬ್ಬಿ ತರ್ಸನಾ?" ಎಂದು ನಕ್ಕಿದ್ದ. ಅವಳೂ ನಕ್ಕಳು. ನಕ್ಕು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ದೇವಯ್ಯ ನಗಲಿಲ್ಲ. ಹೊರಡುವಾಗ, ಕಣ್ಣು ಇನ್ನೂ ಸರಿಯಾಗಿ ಬಂದಿಲ್ಲ, ಅಲ್ಲೇ ಮುಗಿಸಿ ಕಳಿಸ್ತೀನಿ ಎಂದು ಚಿತ್ರದ ಬಟ್ಟೆಯನ್ನು ಸುತ್ತಿಕೊಂಡು ಹೋದ. ಅವಳು ಒಮ್ಮೆಯೂ ಫೋಟೋ ತೆಗೆಸಿಕೊಂಡವಳಲ್ಲ. ಅವಳು ತೀರಿಕೊಂಡಾಗ ರಾಮಲಿಂಗಯ್ಯ ದೇವಯ್ಯನಿಗೆ ಬರೆದ ಕಾಗದದಲ್ಲಿ ಕೊನೆಗೆ, 'ಆ ಚಿತ್ರ ಜೋಪಾನ' ಎಂದಿತ್ತು. ಅದಕ್ಕೆ ಉತ್ತರ ಬಂದಿರಲಿಲ್ಲ.

ವಾಚನಾಲಯದ ಮಹಡಿ ಉದ್ದನೆಯ ಒಂದೇ ಕೋಣೆ. ಪಶ್ಚಿಮದ ಗೋಡೆಯಲ್ಲಿ ಎರಡು ದೊಡ್ಡ ಕಿಟಕಿ. ಅಗಸೆ ಎಣ್ಣೆಯದೋ ಏನೋ, ಮೂಗಿಗೆ ಹತ್ತುವ ವಾಸನೆ. ಜನ ಹೆಚ್ಚಿರಲಿಲ್ಲ. ರಾಮಲಿಂಗಯ್ಯ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬಂದ. ಬಂದ ಮೇಲೆ ಉಳಿದವರೆಲ್ಲ ಚಪ್ಪಲಿಯಲ್ಲೇ ಇರುವುದನ್ನು ಕಂಡು ಬರಿಗಾಲನ್ನು ಪಂಚೆಯೊಳಗೆ ಎಳೆದುಕೊಳ್ಳುವವನ ಹಾಗೆ ನಡೆದ. ಗೋಡೆಗೆ ಹನ್ನೊಂದು ಚಿತ್ರ ತೂಗುಹಾಕಿದ್ದರು. ಒಂದು ಸುತ್ತು ಬಂದ. ಬಣ್ಣ, ಬಣ್ಣದ ಪಕ್ಕ ಬಣ್ಣ, ಚೂಪು, ಗುಂಡಗೆ, ಬಳಿದದ್ದು, ಕೆರೆದದ್ದು. ಆತುರದಲ್ಲಿ ತಪ್ಪಿಸಿಕೊಂಡೆನೆಂದು ಇನ್ನೊಂದು ಸುತ್ತು ಬಂದ. ಮೂರನೆಯ ಸುತ್ತಿನಲ್ಲಿ ಒಂದೊಂದರ ಮುಂದೆಯೂ ನಿಂತು ಹೆಣ್ಣಿನ ಮುಖ ಹುಡುಕಿದ. ಕಿಟಕಿಯ ಹತ್ತಿರ ಕೋಟು ತೊಟ್ಟ ಇಬ್ಬರು ನಿಂತಿದ್ದರು. ಅವರನ್ನೇ ಕೇಳಿದ. "ಸ್ವಾಮಿ, ಮೊಕದ ಚಿತ್ರ ಯಾವ ರೂಮ್ನಲ್ಲಿ ಅವೆ?" ಒಬ್ಬ ಇನ್ನೊಬ್ಬನ ಮುಖ ನೋಡಿದ. "ಮುಖ ಹುಡುಕೋಕೆ ನಾವೂ ಬೆಳಿಗ್ಗೆಯಿಂದ ಇಲ್ಲೇ ಇದ್ದೀವಿ, ಯಜಮಾನ್ರೇ. ಸಿಕ್ಕಿದ್ರೆ ನಮಗೂ ಹೇಳಿ," ಎಂದ. ಇಬ್ಬರೂ ನಗುತ್ತ ಮೆಟ್ಟಿಲಿಳಿದು ಹೋದರು.

ಮೇಜಿನ ಹಿಂದೆ ಕೂತಿದ್ದ ಹೆಂಗಸು ಎದ್ದು ಬಂದಳು. ಕಾಮಾಕ್ಷಮ್ಮ, ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಡುವ ಮೇಡಂ. ಐವತ್ತರ ಆಸುಪಾಸು, ಬೆರಳ ತುದಿಯಲ್ಲಿ ಸುಣ್ಣದಕಡ್ಡಿಯ ಬಿಳಿ. "ದೇವಯ್ಯನವರು ಊಟಕ್ಕೆ ಹೋಗಿದ್ದಾರೆ, ಯಾರನ್ನೋ ಕಂಡು ಐದು ಗಂಟೆಗೆ ಬರ್ತಾರೆ. ನೀವು ಯಾವೂರಿಂದ ಬಂದ್ರಿ?" ಎಂದು ಕೇಳಿ, ಹೆಸರು ಬರೆದುಕೊಳ್ಳಲು ಹೋದವಳು ನಿಂತಳು. "ರಾಮಲಿಂಗಯ್ಯನವರಾ? ಶಿವನಸಮುದ್ರ? ಹಾಗಾದ್ರೆ ಏಳನೇದು ನಿಮ್ಮದು." ಕೈಯಲ್ಲಿದ್ದ ಪಟ್ಟಿ ತೋರಿಸಿದಳು. ಯಾವ ಚಿತ್ರಕ್ಕೂ ಹೆಸರಿಲ್ಲ, ನಂಬರು ಮಾತ್ರ. ಏಳರ ಮುಂದೆ ದೇವಯ್ಯನ ಅಕ್ಷರದಲ್ಲಿ ಪೆನ್ಸಿಲಿನಲ್ಲಿ, 'ಲಿಂಗನಿಗೆ.'

ಅವನು ಏಳನೆಯದರ ಮುಂದೆ ನಿಂತ. ಒಂದೂವರೆ ಮೊಳ ಅಗಲ, ಎರಡು ಮೊಳ ಎತ್ತರ. ಮುಕ್ಕಾಲು ಪಾಲು ಕಾವಿಯೂ ಅಲ್ಲದ ಅರಿಶಿನವೂ ಅಲ್ಲದ ಮಣ್ಣುಹಳದಿ. ಕೆಳಗೆ ಎಡಕ್ಕೆ ಕಪ್ಪಿಗೆ ತಿರುಗಿದ ನೀಲಿಯ ದೊಡ್ಡ ಗಡ್ಡೆ. ಮೇಲೆ ಬಲಕ್ಕೆ ಹೆಬ್ಬೆರಳಷ್ಟು ಅಗಲದ ಕೆಂಪು ಬೆಣೆ. ಎರಡರ ನಡುವೆ ಓರೆಯಾಗಿ ಹಾಯ್ದ ಬೂದುಬಣ್ಣದ ಪಟ್ಟೆ. ಇದು ನನ್ನದು. ಇಷ್ಟು ದೂರದಿಂದ ಕರೆಸಿ, ಇದನ್ನು ನಿಂದು ಅಂತ ಬರೆದಿದ್ದಾನೆ. ಸ್ಕೂಲಿನಲ್ಲಿ ಪಟೇಲನ ಮಗ ದೇವಯ್ಯನ ಸ್ಲೇಟು ಒಡೆದಾಗ ತನ್ನದನ್ನು ಕೊಟ್ಟು ಮೇಷ್ಟರ ಕೈಲಿ ಏಟು ತಿಂದಿದ್ದು ಯಾವುದೋ ಕಾರಣಕ್ಕೆ ಈಗ ನೆನಪಾಗಿ, ಇಂಥ ಹೊತ್ತಲ್ಲಿ ಅದನ್ನೆಲ್ಲ ಲೆಕ್ಕಕ್ಕೆ ತರುವ ತನ್ನ ಸಣ್ಣತನವೂ ಕಾಣಿಸಿ, ಬಾಯಿ ಕಹಿಯಾಯಿತು.

"ಇದೇನಮ್ಮಾ ಇದು?" ಎಂದ.

"ಏನು ಅಂತ ಕೇಳಿದ್ರೆ ಅದು ಬಾಯಿ ಬಿಡಲ್ಲ," ಎಂದಳು ಕಾಮಾಕ್ಷಮ್ಮ. "ನಾನೂ ಮೊದಲ ದಿನ ಅದನ್ನೇ ಕೇಳಿ ಸಿಟ್ಟು ಮಾಡ್ಕೊಂಡೆ. ಮಕ್ಕಳಿಗೆ ಮಾವಿನಕಾಯಿ, ಹೂಜಿ ಬರೆಸೋಳು ನಾನು. ಇದು ಏನು ಮಾಡ್ತಾ ಇದೆ ಅಂತ ಕೇಳಿ ನೋಡಿ. ಐದು ಗಂಟೆ ತನಕ ನಿಮಗೂ ಕೆಲಸ ಇಲ್ಲವಲ್ಲ. ಇಷ್ಟು ಹತ್ತಿರ ಬೇಡ, ಹಿಂದಕ್ಕೆ ಬನ್ನಿ. ಆರು ಹೆಜ್ಜೆ."

ಹೇಳಿದ ಹಾಗೆ ಮಾಡಿದ. ಬೇರೆ ಏನು ಮಾಡಬೇಕೆಂದು ತಿಳಿಯದವನ ವಿಧೇಯತೆ ಅದು. "ಕಣ್ಣು ಅರ್ಧ ಮುಚ್ಚಿ. ರೆಪ್ಪೆ ನಡುವಿಂದ ನೋಡಿ." ಮುಚ್ಚಿದ. ಬಣ್ಣಗಳ ಗಲಾಟೆ ಅಡಗಿ, ಬೆಳಕಿನ ಒಂದು ದೊಡ್ಡ ತುಂಡು, ಕತ್ತಲಿನ ಒಂದು ತುಂಡು, ಎರಡೇ ಉಳಿದವು. ಕೆಂಪು ಬೆಣೆ ಎಲ್ಲೋ ಹೋಯಿತು. ಕಣ್ಣು ಬಿಟ್ಟ ಕೂಡಲೇ ಮತ್ತೆ ಕೂಗಿತು. "ನೋಡಿದ್ರಾ? ಬೆಳಕು-ಕತ್ತಲಿನ ಲೆಕ್ಕದಲ್ಲಿ ಅದಕ್ಕೆ ದೊಡ್ಡ ಜಾಗವಿಲ್ಲ. ಬಣ್ಣದ ಲೆಕ್ಕದಲ್ಲಿ ಅದೇ ಜೋರು. ಈಗ ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಗುತ್ತೆ, ಅಲ್ಲಿಂದ ಎಲ್ಲಿಗೆ? ನೀವೇ ಹೇಳಿ." ಅವನು ಹೇಳಲಾರದೆ ಹೇಳಿದ. "ಮೊದ್ಲು ಕೆಂಪು. ಆಮೇಲೆ ಆ ಪಟ್ಟೆ ಹಿಡ್ಕೊಂಡು ಕೆಳಿಕ್ಕೆ ಜಾರ್ತದೆ. ಆ ನೀಲೀಲಿ ಬಿದ್ದೋಯ್ತದೆ. ಅಲ್ಲಿಂದ..." ನಿಂತ. ನೀಲಿಯ ಮೇಲಂಚು ಚಾಕುವಿನಲ್ಲಿ ಕೊಯ್ದ ಹಾಗೆ ಚೊಕ್ಕಟವಾಗಿತ್ತು, ಕಣ್ಣಿಗೆ ತಾಗುತ್ತಿತ್ತು. ಎಡ ಅಂಚು ಮಾತ್ರ ಹಳದಿಯೊಳಗೆ ಕರಗಿ, ಎಲ್ಲಿ ನೀಲಿ ಮುಗಿಯಿತು ಎಲ್ಲಿ ಹಳದಿ ಹಿಡಿಯಿತು ತಿಳಿಯುತ್ತಿರಲಿಲ್ಲ. "ಅಲ್ಲಿಂದ ಎಡಗಡೆ ಸೋರೋಯ್ತದೆ. ಆ ಹಳದೀಲಿ ಸುತ್ತಾಕ್ಕೊಂಡು ಮತ್ತೆ ಮೇಲಿಕ್ಕೆ." "ಸರಿ," ಎಂದಳು ಅವಳು. "ಚೂಪು ಅಂಚು ಮುಂದೆ ಬಂದು ನಿಲ್ಲುತ್ತೆ, ಮಸುಕು ಅಂಚು ಹಿಂದೆ ಸರಿಯುತ್ತೆ. ಕಣ್ಣು ಓಡಾಡೋಕೆ ಅವರು ಒಂದು ದಾರಿ, ಒಂದು ಬಾಗಿಲು ಬಿಟ್ಟಿದ್ದಾರೆ."

ಆಮೇಲೆ ಹೆಬ್ಬೆರಳು ಎತ್ತಿ ಒಂದೇ ಕಣ್ಣಲ್ಲಿ ಕೆಂಪನ್ನು ಮರೆಮಾಡಲು ಹೇಳಿದಳು. ಮರೆಮಾಡಿದ. ಚಿತ್ರವೇ ವಾಲಿತು. ನೀಲಿ ಗಡ್ಡೆ ಎಡಮೂಲೆಯಲ್ಲಿ ಕುಸಿದು ಕೂತು, ಉಳಿದ ಹಳದಿಯೆಲ್ಲ ಖಾಲಿ ಅಂಗಳವಾಯಿತು. ಬೆರಳು ತೆಗೆದ, ಎದ್ದು ನಿಂತಿತು. ಮತ್ತೆ ಮುಚ್ಚಿದ, ಮತ್ತೆ ತೆಗೆದ. ಅಷ್ಟು ದೊಡ್ಡದನ್ನು ಇಷ್ಟು ಚಿಕ್ಕದು ಹಿಡಿದು ನಿಲ್ಲಿಸಿತ್ತು, ದೂರದಲ್ಲಿದ್ದೇ, ಮುಟ್ಟದೆಯೇ. ತಾನು ಇಷ್ಟು ಹೊತ್ತೂ ಅದನ್ನು ಬೊಟ್ಟಿನಷ್ಟರ ಅಲಂಕಾರ ಎಂದುಕೊಂಡಿದ್ದ. "ಈಗ ಆ ಪಟ್ಟೆ. ಅದು ಯಾವ ಬಣ್ಣ?" ಎಂದಳು. "ಬೂದಿ. ಮೇಲ್ಗಡೆ ಕೆಂಪಿನ ಹತ್ರ ಒಸಿ ಹಸ್ರು ಹಾಕವ್ನೆ. ಕೆಳಗೆ ಹಳದಿ ಮೇಲೆ ಒಸಿ ನೀಲಿ." ಅವಳು ನಕ್ಕು, ಪಟ್ಟಿಯ ಒಂದು ಹಾಳೆಯನ್ನು ಮಡಿಸಿ ಎರಡು ಕಡೆ ಬೆರಳಗಲ ತೂತು ಹರಿದು ಕೊಟ್ಟಳು. "ಹತ್ತಿರ ಹೋಗಿ ಹಾಳೆಯನ್ನ ಚಿತ್ರಕ್ಕೆ ಮುಟ್ಟಿಸದೆ ಅಡ್ಡ ಹಿಡೀರಿ. ಒಂದು ತೂತು ಮೇಲಿನ ತುದಿಗೆ, ಒಂದು ಕೆಳಗಿನದಕ್ಕೆ ಬರಲಿ." ಹಿಡಿದ. ಎರಡು ತೂತಿನಲ್ಲೂ ಒಂದೇ ಬೂದು. ಹಸಿರೂ ಇಲ್ಲ, ನೀಲಿಯೂ ಇಲ್ಲ. ಹಾಳೆ ಸರಿಸಿದ, ಮತ್ತೆ ಒಂದು ಕಡೆ ಹಸಿರು, ಒಂದು ಕಡೆ ನೀಲಿ. ಯಾರೋ ತನ್ನ ಕಣ್ಣೊಳಗೇ ಕೈಯಿಟ್ಟು ತಿರುಗಿಸಿದಂತಾಗಿ ಅವನಿಗೆ ಮೈ ಜುಮ್ಮೆಂದಿತು. "ಅವರು ಹಾಕಿದ್ದು ಒಂದೇ ಬಣ್ಣ. ಪಕ್ಕದಲ್ಲಿ ಕೆಂಪಿದ್ರೆ ನಮ್ಮ ಕಣ್ಣೇ ಅದಕ್ಕೆ ಹಸಿರು ಸೇರಿಸುತ್ತೆ. ಹಳದಿಯಿದ್ರೆ ನೀಲಿ. ಯಾವ ಬಣ್ಣವೂ ಒಂಟಿಯಾಗಿ ಇರಲ್ಲ, ನೋಡಿ. ಪಕ್ಕದಲ್ಲಿ ಯಾರಿದ್ದಾರೆ ಅನ್ನೋದರ ಮೇಲೆ."

ಅವಳು ಯಾರೋ ಬಂದರೆಂದು ಮೇಜಿಗೆ ಹೋದಳು. ಅವನು ನಿಂತೇ ಇದ್ದ. ಹಳದಿ ಒಂದೇ ಹಳದಿಯಲ್ಲ ಎಂಬುದು ಕಾಣಿಸತೊಡಗಿತು. ತೆಳುವಾಗಿ ಒರೆಸಿದ ಕಡೆ ಒಳಗಿಂದ ಬೆಚ್ಚಗೆ, ಚಾಕುವಿನಲ್ಲಿ ಮೆತ್ತಿದ ಕಡೆ ಮಂದವಾಗಿ ಮೇಲೆ. ನೀಲಿ ಒಂದು ಗಳಿಗೆ ಗಡ್ಡೆಯಾಗಿ ಮುಂದೆ ಬಂದರೆ ಇನ್ನೊಂದು ಗಳಿಗೆ ಗುಂಡಿಯಾಗಿ ಆಳಕ್ಕೆ ಇಳಿಯುತ್ತಿತ್ತು, ಅದನ್ನು ಸುತ್ತಿದ ಹಳದಿಯೇ ಆಗ ಗಟ್ಟಿ ಆಕಾರವಾಗಿಬಿಡುತ್ತಿತ್ತು. ಖಾಲಿಯೆಂದುಕೊಂಡದ್ದೇ ರೂಪ. ಯಾವುದನ್ನೂ ಹೋಲದ ಇದು, ಏನನ್ನೂ ಹೇಳದ ಇದು, ಒಂದು ಭಾರವನ್ನು ಹೊತ್ತು ಬೀಳದೆ ನಿಂತಿರುವ ಹಾಗೆ ಇತ್ತು. ಕಳ್ಳ, ಚೆನ್ನಾಗಿ ಮಾಡವ್ನೆ, ಎಂದುಕೊಂಡ. ಎಂದುಕೊಂಡ ಕೂಡಲೆ, ಅರ್ಧ ಗಂಟೆಯಿಂದ ತನಗೆ ಜಯಳ ನೆನಪೇ ಬಂದಿಲ್ಲವೆಂಬುದು ಹೊಳೆದು ಬೆಚ್ಚಿಬಿದ್ದ. ಯಾರನ್ನು ಹುಡುಕಿಕೊಂಡು ಬಂದೆನೋ ಅವಳನ್ನು ಬಾಗಿಲಲ್ಲಿ ಚಪ್ಪಲಿಯ ಜೊತೆ ಬಿಟ್ಟು ಬಂದವನ ಹಾಗೆ.

ಹೊತ್ತು ಇಳಿದಿತ್ತು. ಬಿಸಿಲು ಪಶ್ಚಿಮದ ಕಿಟಕಿಯಿಂದ ತೂರಿ, ಚಿತ್ರಗಳಿದ್ದ ಗೋಡೆಯನ್ನು ಸವರಿಕೊಂಡೇ ಅಡ್ಡಡ್ಡಲಾಗಿ ಬಂತು. ಬಣ್ಣದ ಮೇಲಿನ ಒಂದೊಂದು ಉಬ್ಬಿಗೂ ಒಂದೊಂದು ನೆರಳು ಹುಟ್ಟಿತು. ಅವನು ಕೆಂಪಿನಿಂದ ಪಟ್ಟೆಗೆ, ಪಟ್ಟೆಯಿಂದ ನೀಲಿಗೆ, ನೀಲಿಯಿಂದ ಹಳದಿಗೆ ಕಣ್ಣು ಹಾಯಿಸುತ್ತಿದ್ದವನು ಹಳದಿಯ ನಡುವೆ ಎಡವಿದ. ಅಲ್ಲೊಂದು ಏಣು ಇತ್ತು. ಬಣ್ಣಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಹಳದಿ ಅದರ ಮೇಲೆ ಹಾದು ಹೋಗಿತ್ತು, ಅಷ್ಟೆ. ಬಣ್ಣದ ಆಕಾರಗಳು ಒಂದು ಕಡೆ ಹೋದರೆ ಈ ಏಣು ತನ್ನ ಪಾಡಿಗೆ ಇನ್ನೊಂದು ಕಡೆ ಬಾಗಿ ಹೋಗುತ್ತಿತ್ತು. ಹತ್ತಿರ ಹೋಗಿ, ಕೆನ್ನೆಯನ್ನು ಗೋಡೆಗೆ ಆನಿಸಿ, ಬೆಳಕು ಬರುವ ಕಡೆಗೆ ಓರೆಯಾಗಿ ನೋಡಿದ. ದುಂಡನೆಯ ಒಂದು ಗೆರೆ. ಅದರ ಮೇಲೆ, ನಡುವೆ, ನೇರ ಬೈತಲೆ. ಪಕ್ಕದಲ್ಲಿ ಭುಜಕ್ಕೆ ಇಳಿದ ಸೆರಗಿನ ಅಂಚು. ಬೂದು ಪಟ್ಟೆ ಹಾಯ್ದಿದ್ದ ಕಡೆ ಬಣ್ಣ ಬಿರಿದು ಕೂದಲೆಳೆಯಂಥ ಸೀಳು. ಆ ದುಂಡಿನ ಒಳಗೆ, ಕಣ್ಣು ಮೂಗು ಬಾಯಿ ಇರಬೇಕಾದ ಕಡೆ, ದೇವಯ್ಯ ಕೆರೆದು ಸಪಾಟು ಮಾಡಿದ್ದ.

ರಾಮಲಿಂಗಯ್ಯ ಕೆನ್ನೆಯನ್ನು ಗೋಡೆಯಿಂದ ತೆಗೆದ. ಕಾಮಾಕ್ಷಮ್ಮನನ್ನು ಕರೆದ. ಅವಳೂ ಹಾಗೇ ಕೆನ್ನೆ ಆನಿಸಿ ನೋಡಿ ನಿಧಾನವಾಗಿ ನೇರವಾದಳು. "ಕೆಳಗೆ ಇನ್ನೊಂದು ಚಿತ್ರ ಇದೆ. ಒಣಗಿದ ದಪ್ಪ ಬಣ್ಣದ ಮೇಲೆ ಬಳಿದ್ರೆ ಕೆಳಗಿನ ಕುಂಚದ ಗೆರೆ ಉಳಿಯುತ್ತೆ." "ಮೇಲಿಂದು ತೆಗೆಯಕ್ಕಾಯ್ತದಾ ತಾಯಿ?" "ತೊಳೆಯೋ ಎಣ್ಣೆ ಹಾಕಿದ್ರೆ ಎರಡೂ ಒಟ್ಟಿಗೇ ಬರುತ್ತೆ, ಸ್ವಾಮಿ. ಮುಖದ ಜಾಗದಲ್ಲಂತೂ ಕೆರೆದೇ ಬಿಟ್ಟಿದ್ದಾರೆ."

ದೇವಯ್ಯ ಬಂದಾಗ ಐದೂಕಾಲು. ಕೂದಲು ನೆರೆತಿತ್ತು. "ಲಿಂಗಾ!" ಎಂದು ಬಾಗಿಲಿಂದಲೇ ಕೈ ಚಾಚಿಕೊಂಡು ಬಂದವನು, ಗೆಳೆಯ ಯಾವುದರ ಪಕ್ಕ ನಿಂತಿದ್ದಾನೆ, ಬೆಳಕು ಯಾವ ಕಡೆಯಿಂದ ಬರುತ್ತಿದೆ, ಎರಡನ್ನೂ ನೋಡಿ ಕೈ ಇಳಿಸಿದ.

"ಇವ್ಳ ಮೇಲೆ ಬಳುದ್ಬುಟ್ಯಲ್ಲೋ," ಎಂದ ರಾಮಲಿಂಗಯ್ಯ.

"ಯುದ್ಧದ ಕಾಲ ಕಣ್ಲಾ. ಚಿತ್ರ ಬರ್ಯೋ ಬಟ್ಟೇನೇ ಸಿಕ್ತಿರ್ಲಿಲ್ಲ."

"ನಾನು ಕಾಗ್ದ ಬರ್ಯಕ್ ಮುಂಚೆ ಬಳುದ್ಯಾ, ಆಮೇಲಾ? ಅದೊಂದ್ ಯೋಳ್ಬುಡು."

ದೇವಯ್ಯ ಕಿಟಕಿಯ ಕಡೆ ನೋಡಿದ. "ಮುಂಚೆ ಅಂತ ಯೋಳ್ಬೋದಾಗಿತ್ತು," ಎಂದ. "ಆಮೇಲೆ. ಕಾಗ್ದ ಬಂದ ಮಾರ್ನೆ ದಿನ."

"ಜೋಪಾನ ಅಂತ ಬರ್ದಿದ್ನಲ್ಲೋ."

"ನೀನು ಬರ್ದಿದ್ದೆ, ದಿಟ. ಆದ್ರೆ ಅದು ಅವ್ರಲ್ಲ ಕಣ್ಲಾ. ಕ್ಯಾಲೆಂಡರ್ ಗೊಂಬೆ ಬರ್ದಿದ್ದೆ ನಾನು. ಬಣ್ಣ ತಿಳಿ ಮಾಡಿದ್ದೆ, ನಿನ್ ಮಾತು ಕೇಳಿ. ಸತ್ತೋದ್ರು ಅಂತ ತಿಳುದ್ಮೇಲೆ ಆ ಸುಳ್ಳ ಎದುರಿಗಿಟ್ಕೊಂಡು ಇರಾಕಾಗ್ಲಿಲ್ಲ. ಕೆರುದ್ಬುಟ್ಟೆ. ಆರು ತಿಂಗ್ಳು ಅದ್ರ ಮೇಲೇ ಕೂತು ಇದ ಮಾಡ್ದೆ. ಇದ್ರಲ್ಲಿ ಸುಳ್ಳಿಲ್ಲ. ನಿಂಗೇ ಅಂತ ಇಟ್ಟಿವ್ನಿ."

"ನಂಗ್ ಸುಳ್ಳೇ ಸಾಕಾಗಿತ್ತು," ಎಂದ ರಾಮಲಿಂಗಯ್ಯ. "ನಂತಾವ ಇನ್ನೇನೂ ಇರ್ಲಿಲ್ಲ ಕಣ್ಲಾ. ನಂಗವ್ಳ ಮೊಕ..." ಎಂದು ಅಲ್ಲಿಗೇ ನಿಲ್ಲಿಸಿದ. ಮರೆತುಹೋಗಿದೆ ಎಂಬುದನ್ನು ಇವನ ಮುಂದೆ ಆಡಿ ತೋರಿಸುವಷ್ಟು ಬಡವನಾಗಲು ಮನಸ್ಸು ಒಪ್ಪಲಿಲ್ಲ.

ದೇವಯ್ಯನಿಗೆ ತಿಳಿಯಿತೋ ಏನೋ. "ಮೊಕ ಎಲ್ಲಿಗೋಯ್ತದೆ? ನಂಗೈತೆ," ಎಂದು ಕಾಮಾಕ್ಷಮ್ಮನ ಮೇಜಿನಿಂದ ಒಂದು ಹಾಳೆ ಎಳೆದುಕೊಂಡು ಪೆನ್ಸಿಲ್ ಕೈಗೆತ್ತಿಕೊಂಡ. "ಎಡಗಡೆ ಹುಬ್ಬಲ್ಲಿ ಒಂದು ಸಣ್ಣ ಬಿರುಕು. ಏನಾದ್ರೂ ಕೇಳಿಸ್ಕೊಳ್ಳೋವಾಗ ಕೆಳದುಟಿ ಒಳಿಕ್ಕೆ ಎಳ್ಕೊಳೋರು. ಕಿವಿ ಕೆಳಗೆ ಮಚ್ಚೆ." ಗೆರೆ ಎಲ್ಲೂ ತಡವರಿಸಲಿಲ್ಲ. ರಾಮಲಿಂಗಯ್ಯ ಮಚ್ಚೆಯ ಮಾತಿನಲ್ಲೇ ನಿಂತುಬಿಟ್ಟಿದ್ದ. ಯಾವ ಕಿವಿ? ಹದಿನಾಲ್ಕು ವರ್ಷ. ಇವನು ಇಪ್ಪತ್ತು ದಿನ, ದಿನಕ್ಕೆ ಒಂದು ಗಂಟೆ. ಆ ಇಪ್ಪತ್ತು ಗಂಟೆಯಲ್ಲಿ ಒಬ್ಬ ನೋಡಿದ, ಒಬ್ಬಳು ನೋಡಿಸಿಕೊಂಡಳು. ತಾನು ಬಾಗಿಲಲ್ಲಿ ನಿಂತು ಕರೀ ಬಣ್ಣದ ಮಾತಾಡಿದ. ಅವಳು ಆ ಮಣೆಯ ಮೇಲೆ ದಿನವೂ ಒಂದು ಗಂಟೆ ಯಾರಿಗಾಗಿ ಕೂತಳು, ಕೂತಾಗ ಏನನ್ನು ನೆನೆಸುತ್ತಿದ್ದಳು, ಎಂಬುದನ್ನು ಈಗ ಕೇಳಬಹುದಾದವನು ಇವನೊಬ್ಬನೇ. ಕೇಳಲಾರ. ಮೋಸ ಎಲ್ಲಿಂದ ಶುರುವಾಯಿತೆಂದು ಹುಡುಕುತ್ತ ಹೋದರೆ ಅದು ತನ್ನ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತಿತ್ತು.

"ನೋಡು," ಎಂದು ದೇವಯ್ಯ ಹಾಳೆಯನ್ನು ಬೆಳಕಿಗೆ ಹಿಡಿದ. "ಇವ್ರೇ ತಾನೆ?"

ಹೆಣ್ಣಿನ ಮುಖ. ಬೈತಲೆ, ಹುಬ್ಬಿನ ಬಿರುಕು, ಎಳೆದುಕೊಂಡ ತುಟಿ. ರಾಮಲಿಂಗಯ್ಯ ನೋಡಿದ. ಕಣ್ಣು ಅರ್ಧ ಮುಚ್ಚಿ ನೋಡಿದ. ಯಾವ ಗೆರೆ ಚೂಪು, ಯಾವುದು ಮಸುಕು, ಕಣ್ಣು ಮೊದಲು ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಲ್ಲ ಕಾಣುತ್ತಿತ್ತು. ಎಲ್ಲ ಸರಿಯಿತ್ತು. ಆದರೆ ಅವಳು ಜಯಳೋ, ದಾರಿಯಲ್ಲಿ ಹೋಗುವ ಯಾವಳೋ, ಎಂದು ಹೇಳುವ ಯಾವುದೂ ಅವನೊಳಗೆ ಮೇಲೇಳಲಿಲ್ಲ. ಕಾದ. ಕೈ ಬಂತು, ಬೆನ್ನು ಬಂತು, ಕೆಮ್ಮು ಬಂತು. ಹಾಳೆಯ ಮೇಲಿನ ಹೆಂಗಸು ಅವನನ್ನು ಗುರುತಿಲ್ಲದವಳಂತೆ ನೋಡುತ್ತಿದ್ದಳು.

ದೇವಯ್ಯ ಹಾಳೆಯನ್ನು ಇಳಿಸದೆ ಗೆಳೆಯನ ಬಾಯನ್ನೇ ನೋಡುತ್ತಿದ್ದ. ಅವನಿಗೂ ಖಾತ್ರಿಯಿರಲಿಲ್ಲ. ಹೌದೆನ್ನಲು ಜಗತ್ತಿನಲ್ಲಿ ಇನ್ನು ಒಬ್ಬನೇ ಇದ್ದ.

"ಹೂಂ," ಎಂದ ರಾಮಲಿಂಗಯ್ಯ. "ಅವ್ಳೇ."

ದೇವಯ್ಯ ಮೇಜಿನಂಚನ್ನು ಹಿಡಿದುಕೊಂಡು ಕೂತುಬಿಟ್ಟ. ಮೂರು ವರ್ಷದಿಂದ ಹೊತ್ತಿದ್ದೇನನ್ನೋ ಇಳಿಸಿದವನ ಹಾಗೆ, ಕಾಮಾಕ್ಷಮ್ಮ ಇದ್ದಾಳೆಂಬುದನ್ನೂ ಮರೆತು, ಬಿಕ್ಕಿ ಬಿಕ್ಕಿ ಅಳತೊಡಗಿದ. ರಾಮಲಿಂಗಯ್ಯ ಸಮಾಧಾನ ಮಾಡಲಿಲ್ಲ. ಹಾಳೆಯನ್ನು ಅವನ ಕೈಯಿಂದ ತೆಗೆದು ಮಡಿಸದೆ ಹಿಡಿದುಕೊಂಡು, ಒಂದು ಹೆಜ್ಜೆ ಹಿಂದೆ ಸರಿದು, ಗೆಳೆಯನ ಮುಖವನ್ನೇ ನೋಡುತ್ತ ನಿಂತ. ಬಲಗೆನ್ನೆಯ ಮೇಲೆ ಬಿಸಿಲು, ಎಡಗಡೆ ಪೂರ್ತಿ ನೆರಳು. ಹಣೆಯಲ್ಲಿ ಮೂರು ಗೆರೆ, ನಡುವಿನದು ತುಂಡಾಗಿದೆ. ಮೂಗಿನ ಪಕ್ಕ ಮಾಸದ ಒಂದು ಹಳೆಯ ಕಲೆ. ಒಂದೊಂದನ್ನೂ ತಪ್ಪದೆ, ಆತುರವಿಲ್ಲದೆ, ಈ ಮುಖವನ್ನಾದರೂ ಇನ್ನು ಮರೆಯಬಾರದೆಂದು ನೋಡಿದ.